16:00ಕ್ಕೆ ಕರೆದರೆ ಆರಕ್ಕೆ ಬಂದ ಅಜ್ಜಿ: ಈ ಕತೆಯನ್ನು ಬರೆಯುವುದು ಹೇಗೆ?

ಹೊಸದಾಗಿ ಕತೆ ಬರೆಯಲು ಕೂತವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಮೊಬೈಲಿಗೆ ಬಂದ 24 ತಾಸಿನ ಸಮಯವನ್ನು ಅಜ್ಜಿ ತಪ್ಪಾಗಿ ಓದಿ, ಹೊತ್ತಲ್ಲದ ಹೊತ್ತಿಗೆ ಹೋಗಿ ನಿಲ್ಲುತ್ತಾಳೆ. ಇದನ್ನು ಕತೆ ಮಾಡಬಹುದೇ? ಬರೆದರೆ ಬರೀ ನಗೆಹನಿ ಆಗುತ್ತದೆ, ಏನು ಮಾಡಲಿ?" ಖಂಡಿತ ಮಾಡಬಹುದು. ಹದಿನೈದು ನೂರು, ಹದಿನೆಂಟು ನೂರು ಪದಗಳ ಸಣ್ಣಕತೆಗೆ ಇಷ್ಟು ಸಾಮಗ್ರಿ ಧಾರಾಳ. ನಗೆಹನಿ ಆಗುವುದಕ್ಕೆ ಕಾರಣವೂ ಒಂದೇ. ಬರೆಯುವವರು ಅಜ್ಜಿಯನ್ನು ಏನೂ ತಿಳಿಯದವಳನ್ನಾಗಿ ಮಾಡಿಬಿಡುತ್ತಾರೆ. ಅಜ್ಜಿಯ ತಪ್ಪು ಅವಳ ಜಾಣತನದಿಂದಲೇ ಹುಟ್ಟಬೇಕು. ಅದೊಂದನ್ನು ಸಾಧಿಸಲು ಏನೇನು ಮಾಡಬೇಕು ಎಂಬುದನ್ನು ಗದಗ-ಬೆಟಗೇರಿಯಿಂದ ಹುಬ್ಬಳ್ಳಿಗೆ ಹೋಗುವ ಒಬ್ಬ ಅಜ್ಜಿಯನ್ನು ಇಟ್ಟುಕೊಂಡು ಹಂತ ಹಂತವಾಗಿ ಕಟ್ಟಿ ತೋರಿಸುತ್ತೇನೆ. ಅಜ್ಜಿಗೆ ನೀಲವ್ವ ಎಂದು ಹೆಸರಿಡೋಣ.

ಬೇಕಾದದ್ದು ಹೆಚ್ಚಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತು ಎದುರಿಗೆ ಹನ್ನೆರಡು ಅಂಕಿಗಳಿರುವ ಒಂದು ಗೋಡೆ ಗಡಿಯಾರ. ಗಡಿಯಾರ ನಿಜಕ್ಕೂ ಬೇಕು. ಮುಳ್ಳು ನೋಡದೆ ಬರೆದವರ ಕತೆಯಲ್ಲಿ ಸಮಯದ ಲೆಕ್ಕ ತಪ್ಪಿರುತ್ತದೆ, ಮತ್ತು ಇಂಥ ಕತೆಯಲ್ಲಿ ಓದುಗರು ಮೊದಲು ಹುಡುಕುವುದೇ ಅದನ್ನು.

ಹಂತ 1: ಯಾವ ತಪ್ಪು ಎಂದು ಮೊದಲು ಲೆಕ್ಕದಲ್ಲಿ ಗಟ್ಟಿ ಮಾಡಿಕೊಳ್ಳಿ

24 ತಾಸಿನ ಗಡಿಯಾರ ಮಧ್ಯರಾತ್ರಿ 00:00ಕ್ಕೆ ಶುರುವಾಗಿ 23:59ಕ್ಕೆ ಮುಗಿಯುತ್ತದೆ. ಮಧ್ಯಾಹ್ನ ಹನ್ನೆರಡರ ತನಕ ನಮ್ಮ ಗಡಿಯಾರಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅಲ್ಲಿಂದ ಮುಂದೆ ಒಂದು ಗಂಟೆಗೆ 13:00, ಎರಡಕ್ಕೆ 14:00, ಹೀಗೆ ಏರುತ್ತದೆ. ಹದಿಮೂರು ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಕಂಡರೆ ಹನ್ನೆರಡು ಕಳೆಯಬೇಕು. 16:00 ಎಂದರೆ ಸಂಜೆ ನಾಲ್ಕು.

ಜನ ಇದನ್ನು ತಪ್ಪಾಗಿ ಓದುವುದು ಮನಸ್ಸಿಗೆ ಬಂದ ಹಾಗಲ್ಲ. ಅದಕ್ಕೆ ಒಂದೆರಡು ಜಾಡುಗಳಿವೆ, ನಿಮ್ಮ ಕತೆ ಅವುಗಳಲ್ಲಿ ಒಂದನ್ನೇ ಹಿಡಿಯಬೇಕು. ಹೆಚ್ಚು ಕಾಣುವ ಜಾಡು ಎಂದರೆ ಮುಂದಿನ ಒಂದನ್ನು ಬಿಟ್ಟು ಹಿಂದಿನ ಅಂಕಿಯನ್ನಷ್ಟೇ ಓದುವುದು. 14:00 ನಾಲ್ಕಾಗುತ್ತದೆ, 15:00 ಐದಾಗುತ್ತದೆ, 16:00 ಆರಾಗುತ್ತದೆ. ಇಲ್ಲಿ ಒಂದು ಸೊಗಸಿದೆ. ಕಳೆಯಬೇಕಾದದ್ದು ಹನ್ನೆರಡು, ಕಳೆದದ್ದು ಹತ್ತು. ಆದ್ದರಿಂದ ಈ ತಪ್ಪು ಮಾಡಿದವರು ಯಾವಾಗಲೂ ಸರಿಯಾಗಿ ಎರಡು ತಾಸು ತಡವಾಗಿಯೇ ಬರುತ್ತಾರೆ. ಬೇಗ ಬರುವ ಪ್ರಶ್ನೆಯೇ ಇಲ್ಲ. "16:00ನ್ನು ತಪ್ಪಾಗಿ ಓದಿ ಅಜ್ಜಿ ಮಧ್ಯಾಹ್ನ ಎರಡಕ್ಕೇ ಬಂದು ಕೂತಳು" ಎಂದು ಬರೆದರೆ ಆ ಎರಡು ಎಲ್ಲಿಂದ ಬಂತು ಎಂದು ಓದುಗ ಕೇಳುತ್ತಾನೆ, ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಈ ಜಾಡು ನಡೆಯುವುದು 13ರಿಂದ 19ರ ತನಕ ಮಾತ್ರ. 20:00ರಲ್ಲಿ ಮುಂದೆ ಎರಡು ಬಂದು ಕೂರುತ್ತದೆ, ಅದನ್ನು ಬಿಟ್ಟರೆ ಉಳಿಯುವುದು ಸೊನ್ನೆ. ಯಾವ ಅಜ್ಜಿಯೂ ಅದನ್ನು ಗಂಟೆ ಎಂದು ನಂಬುವುದಿಲ್ಲ.

ಇನ್ನೊಂದು ಜಾಡು ರೈಲಿನದು, ಅದು ಬೇರೆಯೇ ಕತೆ. 15ನೇ ತಾರೀಖು 00:20ಕ್ಕೆ ಗಾಡಿ ಎಂದು ಟಿಕೆಟ್‌ನಲ್ಲಿದ್ದರೆ ನಿಲ್ದಾಣಕ್ಕೆ ಹೋಗಬೇಕಾದದ್ದು 14ರ ರಾತ್ರಿ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುತ್ತದೆ, ಹಾಗಾಗಿ ಹದಿನೈದರ ರಾತ್ರಿ ಊಟ ಮುಗಿಸಿ ಬುತ್ತಿ ಕಟ್ಟಿಕೊಂಡು ಹೊರಡುವ ಅಜ್ಜಿಗೆ ತಾನು ಸರಿ ಎಂಬುದರಲ್ಲಿ ಅನುಮಾನವೇ ಇರುವುದಿಲ್ಲ. ಗಾಡಿ ಹೋಗಿ ಹೆಚ್ಚುಕಡಿಮೆ ಒಂದು ದಿನವಾಗಿರುತ್ತದೆ. ಒಳ್ಳೆಯ ವಸ್ತು. ಆದರೆ ಟಿಕೆಟ್ ಹಾಳಾಯಿತು, ಮದುವೆ ತಪ್ಪಿತು ಎಂದು ನಷ್ಟ ದೊಡ್ಡದಾಗಿ ಕತೆ ಗೋಳಿನ ಕಡೆ ಎಳೆಯುತ್ತದೆ. ಮೊದಲ ಸಲ ಬರೆಯುವವರಿಗೆ ಎರಡು ತಾಸಿನ ತಪ್ಪೇ ವಾಸಿ. ಎರಡು ತಾಸು ಎಂದರೆ ಎಲ್ಲ ಮುಗಿದಿರುವುದಿಲ್ಲ, ಎಲ್ಲ ಸರಿಯಾಗಿಯೂ ಇರುವುದಿಲ್ಲ.

ಹಂತ 2: ಸಂದೇಶವನ್ನು ಅಕ್ಷರಶಃ ಬರೆದಿಟ್ಟುಕೊಳ್ಳಿ

"ಆಸ್ಪತ್ರೆಯಿಂದ ಮೆಸೇಜು ಬಂತು" ಎಂದು ಬರೆದು ಮುಂದೆ ಹೋಗಬೇಡಿ. ಪರದೆಯ ಮೇಲೆ ಅಜ್ಜಿ ಕಂಡದ್ದನ್ನು ಓದುಗನೂ ಕಾಣಬೇಕು. ನಮ್ಮ ನೀಲವ್ವನ ಫೋನಿಗೆ ಬಂದದ್ದು ಇದು:

```
Appt: 27-12  16:00
```

ಇಷ್ಟೇ ಸಾಕು, ಇಂಗ್ಲಿಷಿನಲ್ಲೇ ಇರಲಿ. ಹಳೆಯ ಬಟನ್ ಫೋನುಗಳಲ್ಲಿ ಕನ್ನಡದ ಮೆಸೇಜು ಬರೀ ಚೌಕಗಳಾಗಿ ಕಾಣುವುದುಂಟು. ಇಂಗ್ಲಿಷ್ ಅಕ್ಷರ ಅಜ್ಜಿಗೆ ಬಾರದಿದ್ದರೂ ಅಂಕಿ ಬರುತ್ತವೆ, ಅವಳು ಓದುವುದು ಅಂಕಿಗಳನ್ನಷ್ಟೇ. ತಾರೀಖನ್ನು 27 ಎಂದು ಇಟ್ಟದ್ದಕ್ಕೂ ಕಾರಣವಿದೆ. ತಾರೀಖು 16 ಅಥವಾ 6 ಆಗಿದ್ದರೆ ದಿನಕ್ಕೂ ಗಂಟೆಗೂ ಗೊಂದಲವಾಗಿ ಎರಡನೇ ತಪ್ಪೊಂದು ಒಳಗೆ ನುಸುಳುತ್ತದೆ.

ಇಲ್ಲೇ ಇನ್ನೊಂದು ಗುಂಡಿಯಿದೆ. ಇಂಥ ನೆನಪೋಲೆಗಳನ್ನು ಎಷ್ಟೋ ಕಡೆ ಮನುಷ್ಯರು ಕಳಿಸುವುದಿಲ್ಲ. ಭೇಟಿಗೆ ಸರಿಯಾಗಿ 24 ತಾಸು ಮೊದಲು ಕಂಪ್ಯೂಟರೇ ಕಳಿಸುವಂತೆ ಹೊಂದಿಸಿರುವುದುಂಟು, ನಮ್ಮ ಕತೆಯಲ್ಲೂ ಹಾಗೇ ಇರಲಿ. ಸಂದೇಶದಲ್ಲಿ ತಾರೀಖಿನ ಬದಲು "ನಾಳೆ" ಎಂದು ಬರೆದಿರೋ, ಅಜ್ಜಿ ಅದನ್ನು ಮರುದಿನ ಬೆಳಿಗ್ಗೆ ನೋಡಿದರೆ ನಾಳೆ ಎನ್ನುವುದು ಒಂದು ದಿನ ಮುಂದಕ್ಕೆ ಜಾರುತ್ತದೆ. ಆಗ ಓದುಗನಿಗೆ ಅಜ್ಜಿ ತಪ್ಪಿದ್ದು ದಿನವನ್ನೋ ಗಂಟೆಯನ್ನೋ ತಿಳಿಯುವುದಿಲ್ಲ. ಒಂದು ಕತೆಗೆ ಒಂದೇ ತಪ್ಪು.

ಆದರೆ ಆ 24 ತಾಸಿನ ನಿಯಮದಿಂದ ನಿಮಗೆ ಒಂದು ಲಾಭವಿದೆ. ಸಂದೇಶ ಬರುವುದು 26ನೇ ತಾರೀಖು ಸಂಜೆ ಸರಿಯಾಗಿ ನಾಲ್ಕಕ್ಕೆ. ಅಂದರೆ ಫೋನು ಟಿಣ್ ಎಂದ ಗಳಿಗೆಯೇ ಸರಿಯಾದ ಸಮಯವನ್ನು ಹೇಳಿಬಿಟ್ಟಿದೆ. ಕತೆಯ ಮೊದಲ ಸಾಲಿನಲ್ಲೇ ಅದನ್ನು ಇಟ್ಟುಬಿಡಿ, ಆದರೆ ಬೊಟ್ಟು ಮಾಡಿ ತೋರಿಸಬೇಡಿ:

"ನಾಲ್ಕರ ಚಹಾಕ್ಕೆ ನೀರಿಟ್ಟು ನೀಲವ್ವ ಸಕ್ಕರಿ ಡಬ್ಬಿ ತಗಿಯೂದಕ್ಕ, ಕಟ್ಟಿ ಮ್ಯಾಲಿದ್ದ ಫೋನು ಟಿಣ್ ಅಂತು."

ಓದುಗ ಇದನ್ನು ಚಹಾದ ಸಂಗತಿ ಎಂದುಕೊಂಡು ದಾಟಿ ಹೋಗುತ್ತಾನೆ. ಎರಡನೇ ಸಲ ಓದಿದಾಗ ಸಿಕ್ಕಿಬೀಳುತ್ತಾನೆ.

ಅಜ್ಜಿಯ ಫೋನು 12 ತಾಸಿನ ಗಡಿಯಾರವನ್ನೇ ತೋರಿಸುತ್ತಿರಲಿ. ಅದೂ 24 ತಾಸಿನ ಲೆಕ್ಕದಲ್ಲಿದ್ದರೆ ದಿನಾ ಸಂಜೆ ಅವಳು 16:00 ನೋಡಿಯೇ ಇರುತ್ತಾಳೆ, ಕತೆಯೇ ಹುಟ್ಟುವುದಿಲ್ಲ.

ಹಂತ 3: ಆರು ಎಂದು ಓದಲು ಅಜ್ಜಿಗೆ ಒಂದು ಬಲವಾದ ಕಾರಣ ಕೊಡಿ

ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಸುಲಭದ ಕಾರಣಗಳು ಮೂರು ಬರುತ್ತವೆ: ಅಜ್ಜಿಗೆ ಕಣ್ಣು ಮಂಜು, ಅಜ್ಜಿ ಓದಿಲ್ಲ, ಅಜ್ಜಿಗೆ ಮರೆವು. ಮೂರನ್ನೂ ಬಿಡಿ. ಕಣ್ಣಿನ ಪೊರೆ ಎಂದ ಕೂಡಲೇ ತಪ್ಪು ಕಣ್ಣಿನದಾಯಿತು, ಗಡಿಯಾರದ ಮಾತೇ ಬೇಕಾಗಲಿಲ್ಲ. ಅದೇ ಕಾರಣಕ್ಕೆ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಲೂಬೇಡಿ. ಮರೆವು ಎಂದರೆ ಕತೆ ರೋಗದ ಕತೆಯಾಗುತ್ತದೆ.

ಬದಲಿಗೆ ಕೇಳಿಕೊಳ್ಳಿ: ಅಜ್ಜಿ ಜೀವನವಿಡೀ ಅಂಕಿಗಳನ್ನು ಎಲ್ಲಿ ಓದಿದ್ದಾಳೆ? ನಮ್ಮ ನೀಲವ್ವ ಬೆಟಗೇರಿಯಲ್ಲಿ ಬಳೆ ಅಂಗಡಿ ಇಟ್ಟವಳು. ಬಳೆಯ ಅಳತೆ ಗೊತ್ತಿದ್ದವರಿಗೆ ಇಲ್ಲಿ ಕತೆ ಕಾಣುತ್ತದೆ. ಬಳೆಗೆ 2-4, 2-6, 2-8 ಎಂದು ಅಳತೆ ಇರುತ್ತದೆ. 2-4 ಎಂದರೆ ಬಳೆಯ ಒಳಗಿನ ಅಗಲ ಎರಡು ಇಂಚು ಮತ್ತು ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು. ದೊಡ್ಡವರ ಕೈ ಹೆಚ್ಚಾಗಿ ಈ ಮೂರರಲ್ಲೇ ಬರುತ್ತದೆ. ಮುಂದಿನ ಎರಡು ಎಲ್ಲರಿಗೂ ಒಂದೇ, ವ್ಯಾಪಾರ ನಡೆಯುವುದು ಹಿಂದಿನ ಅಂಕಿಯ ಮೇಲೆ. ಕೈ ಹಿಡಿದು ಒತ್ತಿ ನೋಡಿ "ಈ ತಂಗೀಗೆ ಆರು ತಗೀ" ಎಂದು ಒಳಗೆ ಕೂಗಿದರೆ 2-6ರ ಡಬ್ಬಿ ಬರುತ್ತದೆ. ನಲವತ್ತು ವರ್ಷ ಹೀಗೆ ಮುಂದಿನ ಅಂಕಿಯನ್ನು ಬಿಟ್ಟು ಹಿಂದಿನದನ್ನು ಹಿಡಿದ ಕಣ್ಣು 16:00 ಕಂಡಾಗ ಏನು ಮಾಡೀತು? ಆರನ್ನು ಹಿಡಿಯುತ್ತದೆ.

ಈಗ ಅವಳ ತಪ್ಪು ಅವಳ ಕಸುಬಿನಿಂದ ಬಂತು. ಅದನ್ನು ನೀವು ವಿವರಿಸಿ ಹೇಳಬೇಕಿಲ್ಲ. ಮೆಸೇಜು ಬಂದ ಕೂಡಲೇ ಅಂಗಡಿಯಲ್ಲಿ ಒಬ್ಬ ಹುಡುಗಿಗೆ ಬಳೆ ಇಡಿಸುವ ನಾಲ್ಕೈದು ಸಾಲು ಬರೆಯಿರಿ, "ಆರು ತಗೀ" ಎಂಬ ಮಾತು ಅದರಲ್ಲಿ ಬರಲಿ. ಉಳಿದದ್ದನ್ನು ಓದುಗ ತಾನೇ ಜೋಡಿಸಿಕೊಳ್ಳುತ್ತಾನೆ.

ನಿಮ್ಮ ಅಜ್ಜಿಗೆ ಬೇರೆ ಕಸುಬು ಕೊಡಬಹುದು. ಆದರೆ ಹುಬ್ಬಳ್ಳಿಯನ್ನು ಆರಿಸಿಕೊಂಡರೆ ಒಂದು ಎಚ್ಚರಿಕೆ. ಅಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರ ಮನೆಗಳು ಸಾಕಷ್ಟಿವೆ. ಗಂಡನೋ ಮಗನೋ ರೈಲ್ವೆಯಲ್ಲಿದ್ದ ಅಜ್ಜಿಗೆ "ಹದಿನಾರು ಗಂಟೆ" ಎಂದರೆ ತಕ್ಷಣ ನಾಲ್ಕು ಎನ್ನುತ್ತಾಳೆ. ರೈಲ್ವೆ ಕ್ವಾರ್ಟರ್ಸಿನ ಅಜ್ಜಿಯಿಂದ ಈ ತಪ್ಪು ಮಾಡಿಸಿದರೆ ಹುಬ್ಬಳ್ಳಿಯವರು ನಂಬುವುದಿಲ್ಲ.

ಹಂತ 4: ಹೋಗುವುದು ಎಲ್ಲಿಗೆ, ತಡವಾದರೆ ಏನಾಗುತ್ತದೆ

ತಡವಾದದ್ದಕ್ಕೆ ಬೆಲೆ ಇರಬೇಕು, ಆದರೆ ಜೀವಕ್ಕೆ ಕುತ್ತಾಗುವಷ್ಟಲ್ಲ. ನಾನು ಹಲ್ಲಿನ ಸೆಟ್ಟನ್ನು ಆರಿಸಿಕೊಳ್ಳುತ್ತೇನೆ.

ಪೂರ್ತಿ ಹಲ್ಲಿನ ಸೆಟ್ಟು ಒಂದೇ ಭೇಟಿಯಲ್ಲಿ ಆಗುವುದಲ್ಲ. ಮೊದಲು ದವಡೆಯ ಅಚ್ಚು ತೆಗೆಯುತ್ತಾರೆ, ಆಮೇಲೆ ಮೇಲಿನ ಕೆಳಗಿನ ದವಡೆ ಹೇಗೆ ಕೂಡುತ್ತವೆ ಎಂದು ಅಳತೆ ನೋಡುತ್ತಾರೆ, ಅದಾದಮೇಲೆ ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಬಾಯಲ್ಲಿಟ್ಟು ನೋಡುತ್ತಾರೆ. ಈ ಮೇಣದ ಸೆಟ್ಟು ಬರೀ ನೋಡುವುದಕ್ಕೆ, ಅದರಲ್ಲಿ ಅಗಿಯುವಂತಿಲ್ಲ. ತುಟಿ ಸರಿ ನಿಂತಿತೇ, ಮಾತು ಸ್ಪಷ್ಟವಾಗಿ ಬರುತ್ತದೆಯೇ, ಕನ್ನಡಿಯಲ್ಲಿ ನೋಡಿದರೆ ಅವರಿಗೇ ಒಪ್ಪಿಗೆಯೇ ಎಂದು ಖಾತ್ರಿಯಾದ ಮೇಲಷ್ಟೇ ಲ್ಯಾಬಿನಲ್ಲಿ ಮೇಣ ತೆಗೆದು ಗಟ್ಟಿ ಅಕ್ರಿಲಿಕ್ ತುಂಬುತ್ತಾರೆ. ಹಾಗೆ ಗಟ್ಟಿಯಾದ ಮೇಲೆ ಹಲ್ಲು ಹಿಂದೆಮುಂದೆ ಸರಿಸುವುದು ಕಷ್ಟ. ಆದ್ದರಿಂದ ವೈದ್ಯರು ಈ ಭೇಟಿಯನ್ನು ಅವಸರದಲ್ಲಿ ಮುಗಿಸುವುದಿಲ್ಲ. ಮಧ್ಯಾಹ್ನ ಬಾಗಿಲು ಹಾಕಿ ನಾಲ್ಕಕ್ಕೆ ಮತ್ತೆ ತೆರೆಯುವ ದವಾಖಾನೆಯಲ್ಲಿ ಮೊದಲ ಸರದಿಯನ್ನೇ ಇಂಥದಕ್ಕೆ ಇಟ್ಟಿದ್ದಾರೆ ಎಂದರೆ ಯಾರೂ ಪ್ರಶ್ನಿಸುವುದಿಲ್ಲ. ಆರಕ್ಕೆ ಆಫೀಸು ಬಿಟ್ಟವರ ಸಾಲು ಹತ್ತಿರುತ್ತದೆ.

ನೀಲವ್ವನಿಗೆ ಯಾಕೆ ಅವಸರ? ಸಂಕ್ರಾಂತಿ. ಡಿಸೆಂಬರ್ 27ರ ಈ ಭೇಟಿ ತಪ್ಪಿದರೆ ಲ್ಯಾಬಿನ ಕೆಲಸ ಮುಂದಕ್ಕೆ ಹೋಗಿ, ಹಬ್ಬದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಈ ಸಲವೂ ಹಾಲಿನಲ್ಲಿ ನೆನೆಸಿ ತಿನ್ನಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಸಂಕಟ ಈ ಕತೆಗೆ ಬೇಡ.

ಹಂತ 5: ಉಳಿದವರ ಬಾಯಿ ಕಟ್ಟಿ

ಓದುಗನ ಮೊದಲ ಪ್ರಶ್ನೆ: "ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ?" ಮೊಮ್ಮಕ್ಕಳನ್ನೆಲ್ಲ ಬೆಂಗಳೂರಿಗೆ ಅಟ್ಟಿ ಅಜ್ಜಿಯನ್ನು ಒಂಟಿ ಮಾಡುವುದು ಸವೆದ ದಾರಿ. ಮನೆ ತುಂಬಿರಲಿ. ಅಜ್ಜಿಗೆ ಅನುಮಾನವೇ ಬಂದಿಲ್ಲ, ಹಾಗಾಗಿ ಯಾರನ್ನೂ ಕೇಳಿಲ್ಲ, ಅಷ್ಟೇ.

ಹಿಂದಿನ ಎರಡು ಭೇಟಿಗೆ ಜೊತೆಗೆ ಬಂದವಳು ಹುಬ್ಬಳ್ಳಿಯಲ್ಲಿರುವ ಮಗಳು. ಈ ಸಲ ಅವಳಿಗೆ ರಜೆ ಇಲ್ಲ. ಅವಳ ಜೊತೆ ಫೋನಿನಲ್ಲಿ ನಡೆಯುವ ಮಾತನ್ನು ಕತೆಯಲ್ಲಿ ತೋರಿಸಲೇಬೇಕು, ಇಲ್ಲದಿದ್ದರೆ ತೂತು ಉಳಿಯುತ್ತದೆ:

"ಯವ್ವಾ, ನಾಳೆ ಐತಲ್ಲ ದವಾಖಾನಿ? ಎಷ್ಟಕ್ಕ ಕರದಾರ?"

"ಸಂಜೀಕ ಕರದಾರ. ಒಬ್ಬಾಕೇ ಬರ್ತೀನಿ, ನೀ ಏನೂ ಓಡಿ ಬರಬ್ಯಾಡ. ಮುಗಿಸಿ ಸೀದಾ ಮನಿಗೇ ಬರ್ತೀನಿ. ರಾತ್ರಿ ಅಲ್ಲೇ ಇದ್ದು ನಾಡದ ಹೊಂಡತೀನಿ."

ಸಂಜೆ ಎಂದರೆ ಮಗಳಿಗೆ ನಾಲ್ಕು, ಅಜ್ಜಿಗೆ ಆರು. ಇಬ್ಬರೂ ಸಮಾಧಾನದಿಂದ ಫೋನಿಟ್ಟರು. ಜೊತೆಗೆ ಇನ್ನೊಂದು ಕೆಲಸವೂ ಆಯಿತು. ರಾತ್ರಿ ಮಗಳ ಮನೆಯಲ್ಲೇ ಉಳಿಯುವುದರಿಂದ "ಕೊನೆಯ ಬಸ್ಸು ತಪ್ಪಿಹೋದರೆ" ಎಂಬ ಹುಸಿ ಆತಂಕ ನಿಮಗೆ ಬೇಕಾಗುವುದಿಲ್ಲ. ಗದಗ-ಹುಬ್ಬಳ್ಳಿ ದಾರಿಯಲ್ಲಿ ಬಸ್ಸಿಗೆ ಬರವಿಲ್ಲ ಎಂದು ಆ ಕಡೆಯವರಿಗೆಲ್ಲ ಗೊತ್ತು, ಅದರಿಂದ ಹೆದರಿಸಲು ಹೋದರೆ ನಗುತ್ತಾರೆ.

ಹಂತ 6: ಎರಡು ಗಡಿಯಾರಗಳ ಪಟ್ಟಿ ಮಾಡಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅಜ್ಜಿ ಎಲ್ಲಿದ್ದಾಳೆ, ಬಲಕ್ಕೆ ದವಾಖಾನೆಯಲ್ಲಿ ಏನಾಗುತ್ತಿದೆ ಎಂದು ಬರೆಯಿರಿ. ಗದಗಿನಿಂದ ಹುಬ್ಬಳ್ಳಿ 60 ಕಿಲೋಮೀಟರಿನ ಆಸುಪಾಸು, ನಿಂತು ನಿಂತು ಹೋಗುವ ಬಸ್ಸಿಗೆ ಒಂದೂವರೆ ತಾಸು ಹಿಡಿಯಿರಿ. ನಮ್ಮ ಪಟ್ಟಿ ಹೀಗಾಗುತ್ತದೆ.

- 3:20. ನೀಲವ್ವ ಬೆಟಗೇರಿಯ ಮನೆಯಿಂದ ಹೊರಟಳು. ದವಾಖಾನೆಯ ಬಾಗಿಲು ಇನ್ನೂ ಹಾಕಿದೆ.
- 3:55. ಗದಗಿನಿಂದ ಬಸ್ಸು ಬಿಟ್ಟಿತು. ಕಂಡಕ್ಟರು ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟ. ಅಲ್ಲಿ ಬಾಗಿಲು ತೆರೆಯುತ್ತಿದ್ದಾರೆ.
- 4:00. ಬಸ್ಸು ಇನ್ನೂ ಗದಗಿನ ಹೊರವಲಯ ದಾಟಿಲ್ಲ. ಅಲ್ಲಿ ಮೇಣದ ಸೆಟ್ಟು ಟ್ರೇದಲ್ಲಿ ಸಿದ್ಧವಿದೆ, ಕುರ್ಚಿ ಖಾಲಿ.
- 4:15. ಹುಲಕೋಟಿಯ ಹತ್ತಿರ ಅಜ್ಜಿಯ ಫೋನು ಬಾರಿಸುತ್ತದೆ.
- 4:35. ಅಣ್ಣಿಗೇರಿ. ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ.
- 5:30. ಹುಬ್ಬಳ್ಳಿ. ಚೆನ್ನಮ್ಮ ಸರ್ಕಲ್ಲಿನ ಸಂಜೆಯ ಗದ್ದಲ, ಆಟೋ.
- 5:50. ದವಾಖಾನೆಯ ಮೆಟ್ಟಿಲು.

ಕೊನೆಯ ಸಾಲು ನೋಡಿ. ಅಜ್ಜಿಯ ಲೆಕ್ಕದಲ್ಲಿ ಅವಳು ಹತ್ತು ನಿಮಿಷ ಮೊದಲೇ ಬಂದಿದ್ದಾಳೆ. ದವಾಖಾನೆಯ ಲೆಕ್ಕದಲ್ಲಿ ಒಂದು ತಾಸು ಐವತ್ತು ನಿಮಿಷ ತಡ. ಮೆಟ್ಟಿಲು ಹತ್ತುವಾಗ ಅವಳ ಮುಖದ ಮೇಲೆ ಇರಬೇಕಾದದ್ದು ಅವಸರವಲ್ಲ, ಹೊತ್ತಿಗೆ ಮೊದಲೇ ಬಂದವರ ಗತ್ತು. ಹೆಚ್ಚಿನವರು ಇಲ್ಲಿ ಅಜ್ಜಿಯನ್ನು ಏದುಸಿರು ಬಿಡಿಸಿ ಓಡಿಸುತ್ತಾರೆ. ತಾನು ತಡವಾಗಿದ್ದೇನೆಂದು ಗೊತ್ತಿಲ್ಲದವಳು ಯಾಕೆ ಓಡುತ್ತಾಳೆ?

ಬೆಳಕನ್ನೂ ಪಟ್ಟಿಗೆ ಸೇರಿಸಿ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಆರು ದಾಟುತ್ತಲೇ ಹೊತ್ತು ಮುಳುಗುತ್ತದೆ. ಇದೇ ಕತೆಯನ್ನು ಜೂನ್ ತಿಂಗಳಿಗೆ ಇಟ್ಟರೆ ಏಳರ ಸುಮಾರಿನವರೆಗೂ ಬೆಳಕಿರುತ್ತದೆ, ಆಗ ಅಜ್ಜಿಗೆ "ದೀಪ ಹಚ್ಚೂ ಹೊತ್ತಿಗೆ ಬಂದೆ" ಎಂಬ ಭಾವನೆ ಬಾರದು.

ಹಂತ 7: ಬಸ್ಸಿನಲ್ಲಿ ಬರುವ ಫೋನು

ಮೊದಲ ಕರಡಿನಲ್ಲಿ ಈ ದೃಶ್ಯ ಇರುವುದೇ ಅಪರೂಪ. ಆದರೆ ಯೋಚಿಸಿ: ನಾಲ್ಕಕ್ಕೆ ಬರಬೇಕಾದವರು ಬಾರದಿದ್ದರೆ ಸ್ವಾಗತದ ಹುಡುಗಿ ಫೋನು ಮಾಡೇ ಮಾಡುತ್ತಾಳೆ. ಫೋನಿನಲ್ಲಿ ಸತ್ಯ ಗೊತ್ತಾದರೆ ಕತೆ ಹುಲಕೋಟಿಯಲ್ಲೇ ಮುಗಿಯಿತು. ಅದನ್ನು ತಪ್ಪಿಸಲು ಫೋನಿನ ಚಾರ್ಜು ಮುಗಿಸುವುದು, ಸಿಗ್ನಲ್ ತೆಗೆಯುವುದು ಸೋಮಾರಿ ಉಪಾಯಗಳು. ಅಜ್ಜಿ ಫೋನು ಎತ್ತಲಿ. ಇಬ್ಬರೂ ಮಾತಾಡಲಿ. ಒಂದೇ ನಿಯಮ: ಇಬ್ಬರ ಬಾಯಲ್ಲೂ ಗಂಟೆಯ ಅಂಕಿ ಬರಬಾರದು.

"ಅಜ್ಜಿ, ಹಲ್ಲಿನ ದವಾಖಾನಿಯಿಂದ ಮಾತಾಡಾಕತ್ತೀನ್ರಿ. ಎಲ್ಲದೀರಿ?"

"ಬರಾಕತ್ತೀನವಾ, ಬಸ್ಸಿನ್ಯಾಗ ಅದೀನಿ."

"ಬಸ್ಸಿನ್ಯಾಗ ಅದೀರೇನು? ಆತ್ರಿ ಹಂಗಾದ್ರ. ಡಾಕ್ಟರ್ ಕಾಯಾಕತ್ತಾರ, ಅದಕ್ಕ ಕೇಳಿದೆ."

"ಕಾಯೂದ್ಯಾಕವಾ, ಅವರ ಕೆಲಸ ಅವರು ಮಾಡ್ಕೊಳ್ಳಲಿ. ನಾ ಟೈಮಿಗೆ ಸರಿಯಾಗಿ ಬರ್ತೀನಿ."

ಹುಡುಗಿ ಬಸ್ಸು ಎಂದದ್ದನ್ನು ಊರೊಳಗಿನ ಬಸ್ಸು ಎಂದುಕೊಂಡಳು. ಅಜ್ಜಿಗೆ ಈ ದವಾಖಾನೆಯವರು ಎಷ್ಟು ಕಾಳಜಿಯವರು, ಇಷ್ಟು ಮೊದಲೇ ಫೋನು ಮಾಡಿ ವಿಚಾರಿಸುತ್ತಾರೆ ಎನಿಸಿತು. ಪಕ್ಕದ ಸೀಟಿನವಳಿಗೆ ಅದನ್ನು ಹೇಳಿಕೊಳ್ಳಲಿ ಕೂಡ. ಈ ನಾಲ್ಕು ಸಾಲಿನ ಮಾತನ್ನು ಗಟ್ಟಿಯಾಗಿ ಓದಿ ನೋಡಿ, ಒಬ್ಬರ ಬಾಯಿಂದಲೂ ಸುಳ್ಳು ಬಂದಿಲ್ಲ.

ಮಾತಿನ ಬಗ್ಗೆ ಒಂದು ಸಣ್ಣ ಕಿವಿಮಾತು. ಗದಗಿನ ಮಾತು ಬರೆಯಲು ಬಾರದವರು ಎಲ್ಲ ಕಡೆ "ರೀ" ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಹುಡುಗಿ ಅಜ್ಜಿಗೆ "ರಿ" ಹಚ್ಚುತ್ತಾಳೆ, ಅಜ್ಜಿ ಹುಡುಗಿಗೆ "ವಾ" ಎನ್ನುತ್ತಾಳೆ. ಅದು ಅದಲುಬದಲಾದರೆ ಇಬ್ಬರ ವಯಸ್ಸೂ ಹಾಳು. ಬರಲಿಲ್ಲವೆಂದರೆ ಸಾದಾ ಕನ್ನಡದಲ್ಲೇ ಬರೆಯಿರಿ, ತಪ್ಪೇನಿಲ್ಲ.

ಹಂತ 8: ದವಾಖಾನೆಯ ದೃಶ್ಯ

ಅಜ್ಜಿ ಒಳಗೆ ಬಂದು ಹೆಸರು ಹೇಳುತ್ತಾಳೆ. ಹುಡುಗಿ ಗಾಬರಿಯಾಗಿ ರಿಜಿಸ್ಟರ್ ತಿರುಗಿಸಿ 16:00 ತೋರಿಸುತ್ತಾಳೆ. ಇಲ್ಲಿ ಅಜ್ಜಿಯನ್ನು ಅಳಿಸಬೇಡಿ, ಬೈಸಲೂಬೇಡಿ. ಅವಳಿಗೆ ಒಂದು ನ್ಯಾಯವಾದ ಪ್ರಶ್ನೆ ಕೊಡಿ. ದವಾಖಾನೆಯ ಗೋಡೆಯ ಮೇಲೂ ಹನ್ನೆರಡು ಅಂಕಿಯ ಗಡಿಯಾರವೇ ಇರುತ್ತದಲ್ಲ:

"ಹದಿನಾರು ಎಲ್ಲೈತಿ ಅದರಾಗ, ತೋರಿಸು ನೋಡೋಣ."

ಹುಡುಗಿ ಗಡಿಯಾರ ನೋಡುತ್ತಾಳೆ. ಹದಿನಾರು ಇಲ್ಲ. ಸಾಲಿನಲ್ಲಿ ಕೂತವರೂ ತಲೆ ಎತ್ತಿ ನೋಡುತ್ತಾರೆ. ಈ ಗಳಿಗೆಯಲ್ಲಿ ಅಜ್ಜಿ ಗೆದ್ದಿದ್ದಾಳೆ, ಹೊತ್ತು ಮಾತ್ರ ಹೋಗಿದೆ. ಇದನ್ನು ಅವಸರ ಮಾಡದೆ ಬರೆಯಿರಿ.

ಆಮೇಲೆ ವಿವರಣೆ. "ಇದು ಇಪ್ಪತ್ನಾಲ್ಕು ತಾಸಿನ ಲೆಕ್ಕರೀ ಅಜ್ಜಿ, ಹನ್ನೆರಡು ಕಳೀಬೇಕು" ಎಂದು ಹುಡುಗಿ ಹೇಳಿದರೆ ಸಾಕು, ಪಾಠ ಬೇಡ. ಗಾಜಿನ ಬಳೆ ಮಾರುವುದು ಡಜನ್ ಲೆಕ್ಕದಲ್ಲಿ. ಹನ್ನೆರಡು ಎಂಬ ಅಂಕಿ ಕಿವಿಗೆ ಬಿದ್ದದ್ದೇ ಅಜ್ಜಿಯ ಬಾಯಿಂದ ತಾನಾಗಿ ಬರುತ್ತದೆ:

"ಡಜನ್ ತಗದ್ರ ನಾಕು ಉಳೀತು. ಹಂಗ ಬರೀಬಾರದೇನವಾ?"

ತಪ್ಪು ಹುಟ್ಟಿದ್ದು ಬಳೆಯ ಅಳತೆಯಿಂದ, ತಿದ್ದಿಕೊಂಡದ್ದು ಬಳೆಯ ಎಣಿಕೆಯಿಂದ. ಇದನ್ನೂ ನೀವು ಬಾಯಿಬಿಟ್ಟು ಹೇಳಬಾರದು.

ಇನ್ನು ಮುಕ್ತಾಯ. ವೈದ್ಯರು ಸಾಲು ಮುಗಿದ ಮೇಲೆ ನೋಡುತ್ತೇನೆ ಎನ್ನುತ್ತಾರೆ, ಅಜ್ಜಿ ಕಾಯುತ್ತಾಳೆ. ಮಗಳು ಬಂದು ದವಾಖಾನೆಯವರ ಜೊತೆ ಜಗಳ ತೆಗೆಯುವುದು, ಮಾಲೀಕರು ಮರುದಿನವೇ ಎಲ್ಲ ಮೆಸೇಜನ್ನು ಕನ್ನಡಕ್ಕೆ ಬದಲಿಸುವುದು, ಇವೆರಡನ್ನೂ ಮಾಡಬೇಡಿ. ನಿಮ್ಮ ಕೈಯಲ್ಲಿ ಇದಕ್ಕಿಂತ ಒಳ್ಳೆಯದೊಂದು ಈಗಾಗಲೇ ಇದೆ. ಮೇಣದ ಸೆಟ್ಟು ಬಾಯಲ್ಲಿಟ್ಟು ಮಾತು ಹೇಗೆ ಬರುತ್ತದೆಂದು ನೋಡಲು ವೈದ್ಯರು ಏನಾದರೂ ಎಣಿಸಲು ಹೇಳುವುದುಂಟು. "ಒಂದರಿಂದ ಇಪ್ಪತ್ತರ ತನಕ ಎಣಸ್ರಿ ಅಜ್ಜಿ." ಅಜ್ಜಿ ಎಣಿಸತೊಡಗುತ್ತಾಳೆ. ಹನ್ನೆರಡು ದಾಟುತ್ತಾಳೆ, ಹದಿಮೂರು, ಹದಿನಾಲ್ಕು, ಹದಿನೈದು. ಅಲ್ಲಿ ಒಂದು ಚಣ ನಿಂತು ಹುಡುಗಿಯ ಕಡೆ ನೋಡಿ, "ನಾಕು" ಎನ್ನುತ್ತಾಳೆ. ವೈದ್ಯರಿಗೆ ಅರ್ಥವಾಗುವುದಿಲ್ಲ, ಹುಡುಗಿಗೆ ಆಗುತ್ತದೆ. ಕತೆಯನ್ನು ಆ "ನಾಕು"ವಿನ ಮೇಲೆ ನಿಲ್ಲಿಸಿ. ಸಂಕ್ರಾಂತಿಗೆ ಹಲ್ಲು ಬಂತೋ ಇಲ್ಲವೋ ಎಂದು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಕೆಲವರು ಬರೆಯಲೇಬೇಕು ಎನ್ನುತ್ತಾರೆ. ಬರೆದರೆ ಎರಡು ಸಾಲಿಗಿಂತ ಹೆಚ್ಚು ಬೇಡ.

ಹಂತ 9: ತಿದ್ದುವಾಗ

ಕರಡು ಮುಗಿದ ಮೇಲೆ ಎರಡು ಸಲ ಓದಿ. ಮೊದಲ ಓದಿನಲ್ಲಿ ಬರೀ ಸಮಯ ಹೇಳುವ ಮಾತುಗಳಿಗೆ ಗೆರೆ ಎಳೆಯಿರಿ: ಗಂಟೆ, ಚಹಾ, ಬಿಸಿಲು, ದೀಪ, ಶಾಲೆ ಬಿಟ್ಟ ಮಕ್ಕಳು, ಎಲ್ಲವೂ. ಒಂದೊಂದನ್ನೂ ಹಂತ 6ರ ಪಟ್ಟಿಗೆ ಹಿಡಿದು ನೋಡಿ. ಬಸ್ಸು ಹತ್ತುವಾಗ "ಇಳಿಬಿಸಿಲು" ಎಂದು ಬರೆದಿದ್ದರೆ ಮೂರು ಐವತ್ತೈದಕ್ಕೆ ಅದು ಅಷ್ಟು ಸರಿಹೋಗದು. ಅಣ್ಣಿಗೇರಿಯ ನಂತರಕ್ಕೆ ಸರಿಸಿ.

ಎರಡನೇ ಓದಿನಲ್ಲಿ ದವಾಖಾನೆಯ ದೃಶ್ಯಕ್ಕಿಂತ ಮೊದಲು ಎಲ್ಲಾದರೂ "16:00 ಎಂದರೆ ನಾಲ್ಕು ಎಂದು ಪಾಪ ಅಜ್ಜಿಗೆ ಗೊತ್ತಿರಲಿಲ್ಲ" ಎಂಬ ಧಾಟಿಯ ಸಾಲು ನುಸುಳಿದೆಯೇ ನೋಡಿ, ಇದ್ದರೆ ಕಿತ್ತುಹಾಕಿ. 24 ತಾಸಿನ ಲೆಕ್ಕ ಬಲ್ಲ ಓದುಗನಿಗೆ ಮೆಸೇಜು ಕಂಡಾಗಲೇ ಗೊತ್ತಾಗಿರುತ್ತದೆ, ಅವನು ಬಸ್ಸಿನುದ್ದಕ್ಕೂ ಅಜ್ಜಿಗಾಗಿ ಚಡಪಡಿಸುತ್ತಾನೆ. ಆ ಲೆಕ್ಕ ಬಾರದ ಓದುಗ ಅಜ್ಜಿಯ ಜೊತೆಗೇ ಆರಕ್ಕೆ ಹೋಗಿ ನಿಲ್ಲುತ್ತಾನೆ. ಇಬ್ಬರಿಗೂ ಕತೆ ನಡೆಯಬೇಕು.

ಕೊನೆಗೆ ಮನೆಯಲ್ಲಿ ಇಬ್ಬರಿಗೆ ಓದಿಸಿ, ಒಬ್ಬರು ಬಟನ್ ಫೋನು ಬಳಸುವವರಾಗಿರಲಿ. "ಆರು ಅಂತ ಯಾಕೆ ಓದಿದಳು?" ಎಂದು ಅವರು ಕೇಳಿದರೆ ಬಳೆ ಇಡಿಸುವ ಸಾಲುಗಳು ಸಾಲಲಿಲ್ಲ ಎಂದರ್ಥ, ಹಂತ 3ಕ್ಕೆ ಹಿಂತಿರುಗಿ. "ಫೋನು ಮಾಡಿದಾಗಲೇ ಯಾಕೆ ಗೊತ್ತಾಗಲಿಲ್ಲ?" ಎಂದು ಕೇಳಿದರೆ ಹಂತ 7ರ ಮಾತಿನಲ್ಲಿ ಎಲ್ಲೋ ಒಂದು ಅಂಕಿ ಉಳಿದುಕೊಂಡಿದೆ, ಹುಡುಕಿ ತೆಗೆಯಿರಿ.